ಪದಚರ್ಚೆ: ‘ಬೇಜಾರಾಗಿದ್ರೆ ಸಾರಿ’ ಅಂದವನಿಗೆ ಏನು ಬರೆಯೋದು?

ಗೋಣಿಕೊಪ್ಪದಿಂದ:
ಎಲ್ಲರಿಗೂ ನಮಸ್ಕಾರ. ಇವತ್ತು ರಾತ್ರಿಯೊಳಗೆ ಒಂದು ಮಾತು ಬೇಕು. ತೋಟದ ಮೇಲಿನ ಸಾಲದ ವಿಷಯ ಒಬ್ಬ ಗೆಳೆಯನಿಗೆ ಮಾತ್ರ ಹೇಳಿದ್ದೆ. ಕೈಲ್ ಮುಹೂರ್ತದ ಊಟದಲ್ಲಿ ಅವನು ಅದನ್ನು ತಮಾಷೆ ಮಾಡಿ ಎಲ್ಲರೆದುರು ಹೇಳಿಬಿಟ್ಟ. ಈಗ ಮೆಸೇಜ್ ಬಂದಿದೆ: “ನಿಂಗೆ ಬೇಜಾರಾಗಿದ್ರೆ ಸಾರಿ ಮಾರಾಯ.” ‘ಪರವಾಗಿಲ್ಲ’ ಅಂದರೆ ಸುಳ್ಳು. ‘ನಿನ್ನ ಸಾರಿ ನೀನೇ ಇಟ್ಕೋ’ ಅಂದರೆ ಜಗಳ. ನಾಳೆ ಅವನ ಜೀಪಿನಲ್ಲೇ ಸಂತೆಗೆ ಹೋಗಬೇಕು. ಒಪ್ಪಿದೆ ಅನ್ನಿಸಬಾರದು, ಕೆಣಕಲೂಬಾರದು. ಅಂಥ ಮಾತು ಯಾವುದು?

ಮೈಸೂರಿನಿಂದ:
ಮೊದಲು ‘ಸಾರಿ’ ಬಿಡಿ. ಅಚ್ಚಕನ್ನಡದ ‘ಮನ್ನಿಸು’ ಇದೆ. ‘ಮನ್ನಿಸಲಾರೆ’ ಎಂದು ಬರೆಯಿರಿ, ಮುಗೀತು. ಇನ್ನೊಂದು ಮಾತು. ಅವನ ವಾಕ್ಯದಲ್ಲಿ ಮಾಡಿದವನೇ ಇಲ್ಲ, ಬರೀ ‘ಆಗು’. ‘ಮಾಡಿದೆ’ ಎನ್ನದವನು ತಪ್ಪೊಪ್ಪಿಕೊಂಡಿಲ್ಲ.

ಸೋಮವಾರಪೇಟೆಯಿಂದ:
ನನಗೂ ನಾದಿನಿಗೂ ಹೀಗೇ ಮಾತು ಬಿಟ್ಟುಹೋಗಿತ್ತು. ನಾನೇ ಮೊದಲು ಹೋಗಿ ಸಾರಿ ಕೇಳಿದೆ. ನೀವೂ ದೊಡ್ಡ ಮನಸ್ಸು ಮಾಡಿ ಕೇಳಿಬಿಡಿ. ಮುಂದೆ ಪುತ್ತರಿ ಹಬ್ಬಕ್ಕೆ ಒಟ್ಟಿಗೆ ಊಟಕ್ಕೆ ಕೂರಬೇಕು, ಅಲ್ವಾ?

ಗೋಣಿಕೊಪ್ಪದಿಂದ:
ಅಕ್ಕ, ಹೇಳಿದ್ದು ನಾನಲ್ಲ, ಅವನು.

ಮಡಿಕೇರಿಯಿಂದ:
‘ಮನ್ನಿಸಲಾರೆ’ ಎಂದರೆ ಬಾಗಿಲು ಹಾಕಿದ ಹಾಗೆ. ಕೇಳಿದ್ದು ಅದಲ್ಲ. ‘ಆಗು’ ಬಗ್ಗೆ ಹೇಳಿದ್ದೂ ಅರ್ಧ ಸರಿ. ‘ನನ್ನಿಂದ ತಪ್ಪಾಯ್ತು’ ಎಂದು ಮನಸಾರೆ ಹೇಳುವವರು ಎಷ್ಟು ಜನ ಇಲ್ಲ? ಅಲ್ಲಿರುವುದೂ ‘ಆಗು’ವೇ. ಇಲ್ಲಿ ಕೊಂಕು ಇರುವುದು ‘ಆಗಿದ್ರೆ’ಯ ಕೊನೆಯ ‘ರೆ’ಯಲ್ಲಿ. ನಿಮಗೆ ಬೇಜಾರಾಯಿತೋ ಇಲ್ಲವೋ ಅನ್ನುವುದೇ ಅನುಮಾನ ಅಂತಾಯ್ತು. ತಾನು ಏನು ಹೇಳಿದೆ ಅನ್ನುವುದಂತೂ ಎಲ್ಲೂ ಇಲ್ಲ. ಉತ್ತರದಲ್ಲಿ ಆ ‘ರೆ’ ಕಿತ್ತುಹಾಕಿ, ಬಿಟ್ಟದ್ದನ್ನು ಸೇರಿಸಿ:

“ಮೆಸೇಜ್ ನೋಡಿದೆ. ಬೇಜಾರು ಆಗಿದೆ. ಸಾಲದ ವಿಷಯ ನಿಂಗೆ ಮಾತ್ರ ಹೇಳಿದ್ದು. ಎಲ್ಲರೆದುರು ಅದನ್ನ ಹೇಳಿದ್ದು ನಂಗೆ ಸರಿ ಕಾಣಲಿಲ್ಲ. ಇನ್ನು ಅದನ್ನ ಯಾರ ಹತ್ರಾನೂ ಎತ್ತಬೇಡ. ನಾಳೆ ಜೀಪಿಗೆ ಬರ್ತೀನಿ.”

‘ನೋಡಿದೆ’ ಅಂದರೆ ಮೆಸೇಜ್ ತಲುಪಿತು ಅಂತ ಅಷ್ಟೆ, ಒಪ್ಪಿದೆ ಅಂತಲ್ಲ. ಬರೀ ಹೆಬ್ಬೆರಳು ಕಳಿಸಿದರೆ ಅವನು ಒಪ್ಪಿಗೆ ಅಂತಲೇ ಓದುತ್ತಾನೆ. ‘ಎಲ್ಲರೆದುರು ಅದನ್ನ ಹೇಳಿದ್ದು’ ಅನ್ನುವಲ್ಲಿ ‘ನೀನು’ ಇಲ್ಲ, ಆದರೂ ಯಾರು ಅಂತ ಗೊತ್ತು. ‘ನೀನು ಯಾವಾಗ್ಲೂ ಹೀಗೇ’ ಅಂದರೆ ಹಳೇ ಲೆಕ್ಕವೆಲ್ಲ ಹೊರಗೆ ಬರುತ್ತದೆ. ‘ಇದೂ ಒಂದು ಸಾರೀನಾ?’ ಅಂತ ಕೇಳಿದರೆ ಅವನು ಅದಕ್ಕೇ ಉತ್ತರ ಕೊಡುತ್ತಾ ಕೂರುತ್ತಾನೆ, ಸಾಲದ ಮಾತು ಮೂಲೆಗೆ ಹೋಗುತ್ತದೆ. ಜೀಪಿನ ಸಾಲು ಬಿಡಬೇಡಿ. ಅದಿಲ್ಲದಿದ್ದರೆ ಗೆಳೆತನವೇ ಮುಗಿಯಿತು ಅಂದುಕೊಳ್ಳುತ್ತಾನೆ.

ಅವನು ‘ಹೌದು, ನಾನು ಹೇಳಬಾರದಿತ್ತು’ ಎಂದರೆ ಆಗ ‘ಇರಲಿ ಬಿಡು’ ಎನ್ನಿ. ‘ಸಾರಿ ಅಂದ್ನಲ್ಲ, ಇನ್ನೇನು ಮಾಡ್ಲಿ’ ಎಂದರೆ ‘ಆ ವಿಷಯ ಇನ್ನು ಬೇಡ, ಅಷ್ಟೆ’ ಅಂತ ಒಂದೇ ಸಲ ಬರೆದು ಸುಮ್ಮನಿರಿ. ನಾಚಿಕೆಯಿಂದಲೂ ಜನ ‘ರೆ’ ಹಾಕುವುದುಂಟು. ಒಂದು ಸಾಲಿನಲ್ಲಿ ಅದು ತಿಳಿಯೋದಿಲ್ಲ. ಮುಂದೆ ಆ ವಿಷಯ ಮತ್ತೆ ಎತ್ತುತ್ತಾನಾ ನೋಡಿ.

ಅಂದಹಾಗೆ, ‘ಮನ್ನಿಸು’ ಸಂಸ್ಕೃತದ ‘ಮಾನ್ಯ’ದ ಕಡೆಯದು ಎನ್ನುವವರೂ ಇದ್ದಾರೆ. ‘ಬೇಜಾರು’ ಪಾರ್ಸಿ. ಅಚ್ಚಕನ್ನಡದಲ್ಲಿ ಬೇಜಾರೂ ಮಾಡಿಕೊಳ್ಳುವ ಹಾಗಿಲ್ಲ.

ಮೈಸೂರಿನಿಂದ:
ಕೊಂಕು ಬೇಡ. ‘ಪರವಾಗಿಲ್ಲ’ದ ‘ಪರವಾ’ ಕೂಡ ಪಾರ್ಸಿಯೇ ಅಂತ ನನಗೂ ಗೊತ್ತು. ಅವೆಲ್ಲ ಬೆರೆತು ತಲೆಮಾರುಗಳಾದವು. ‘ಸಾರಿ’ ಬೆರೆತಿಲ್ಲ.

ವಿರಾಜಪೇಟೆಯಿಂದ:
ಬೆರೆತಿಲ್ವಾ? ನಮ್ಮ ಲೈನ್‌ಮನೆಯ ಮಕ್ಕಳೂ ಕಾಲು ತುಳಿದರೆ ಸಾರಿ ಅಂತಾರೆ. ‘ಕ್ಷಮಿಸಿ’ ಅಂದರೆ ರೈಲು ತಡ ಅಂತ ಕೂಗಿ ಹೇಳಿದ ಹಾಗೆ. ಕೊಡಗಿಗೆ ರೈಲೇ ಇಲ್ಲ.

ಮೈಸೂರಿನಿಂದ:
ಮಕ್ಕಳು ಅಂದದ್ದೆಲ್ಲ ಕನ್ನಡ ಅಂತಾದರೆ ನಿಘಂಟು ಯಾಕೆ?

ಗೋಣಿಕೊಪ್ಪದಿಂದ:
ಕಳಿಸಿದೆ. ‘ಎತ್ತಬೇಡ’ ಅನ್ನೋದು ಅಪ್ಪಣೆ ಥರ ಕಾಣ್ತು. ‘ಎತ್ತದಿದ್ರೆ ಒಳ್ಳೇದು’ ಅಂತ ಮಾಡಿದೆ.

ಮಡಿಕೇರಿಯಿಂದ:
ನೀವೂ ‘ರೆ’ ಹಾಕಿದಿರಾ! ಎತ್ತಿದರೂ ನಡೆಯುತ್ತೆ ಅಂತ ಓದಬಹುದು. ಮುಖಾಮುಖಿ ಸಿಕ್ಕಾಗ ‘ಬೇಡ’ ಅಂತಲೇ ಹೇಳಿ.

ಸೋಮವಾರಪೇಟೆಯಿಂದ:
ನಂಗೇನೋ ‘ಒಳ್ಳೇದು’ ಅನ್ನೋದೇ ಚೆಂದ ಕಾಣುತ್ತೆ. ಗೆಳೆಯ ಅಲ್ವಾ?

ಮೈಸೂರಿನಿಂದ:
ಎಲ್ಲ ಸರಿ, ‘ಮೆಸೇಜ್’ ಮಾತ್ರ ಯಾರೂ ಬಿಡಲಿಲ್ಲ. ‘ಓಲೆ’ ಅಂದಿದ್ದರೆ ಜೀಪು ಹತ್ತಿಸ್ತಿರಲಿಲ್ವಾ?