ಅಪ್‌ಡೇಟ್: ಗೃಹಪ್ರವೇಶಕ್ಕೆ 4 ದಿನ ಉಳಿಸಿದ ಲೆಕ್ಕ

ನನ್ನ ಪ್ರಶ್ನೆ: ಮನೆ ಕೆಲಸ ಮುಗಿಯಲು ಇನ್ನೂ 30 ದಿನ ಬೇಕು, ಮುಹೂರ್ತಕ್ಕೆ ಇರುವುದು 26 ದಿನ. ಕಡಿಮೆ ಖರ್ಚಿನಲ್ಲಿ ಯಾವ ಕೆಲಸ ಬೇಗ ಮುಗಿಸಲಿ?

ನೀವೆಲ್ಲ ಹೇಳಿದ ಹಾಗೆ ಮೊದಲು ಯಾವ ಕೆಲಸ ಆದ ಮೇಲೆ ಯಾವುದು ಅಂತ ದಾರಿಗಳನ್ನು ಬರೆದುಕೊಂಡೆ. ಪ್ಲಾಸ್ಟರ್ 12 ದಿನ, ಕೊನೆಗೆ ಪೇಂಟ್ 8 ದಿನ. ನಡುವೆ ಒಂದು ಕಡೆ ಟೈಲ್ಸ್ 10 ದಿನ, ಅದೇ ಹೊತ್ತಿಗೆ ಇನ್ನೊಂದು ಕಡೆ ಮರಗೆಲಸ 8 ದಿನ. ಅಂದರೆ ಟೈಲ್ಸ್ ಇರುವ ದಾರಿ 30 ದಿನ, ಮರಗೆಲಸ ಇರುವ ದಾರಿ 28.

ಒಂದು ದಿನ ಉಳಿಸಲು ಮರಗೆಲಸಕ್ಕೆ 1000 ರೂಪಾಯಿ ಜಾಸ್ತಿ, ಟೈಲ್ಸ್‌ಗೆ 1500, ಪೇಂಟ್‌ಗೆ 2000. ಪ್ಲಾಸ್ಟರ್ ಮುಟ್ಟಲಿಲ್ಲ. ಕ್ಯೂರಿಂಗ್‌ಗೆ ನೀರು ಹಾಕುವ ದಿನಗಳನ್ನು ದುಡ್ಡು ಕೊಟ್ಟು ಕಡಿಮೆ ಮಾಡೋಕಾಗಲ್ಲ, ಗೋಡೆ ಬಿರುಕು ಬಿಡುತ್ತೆ.

ಮರಗೆಲಸವೇ ಅಗ್ಗ, ಆದರೆ ಅಲ್ಲಿ ಮೊದಲೇ 2 ದಿನ ಬಿಡುವಿತ್ತು. ಅಲ್ಲಿ ಸುರಿದ ದುಡ್ಡು ಸುಮ್ನೆ ದಂಡ. ಹಾಗಾಗಿ ಟೈಲ್ಸ್‌ನಲ್ಲಿ 2 ದಿನ ಉಳಿಸಿದೆ, 3000 ಆಯ್ತು. ಮೇಸ್ತ್ರಿ "ಟೈಲ್ಸ್‌ನಲ್ಲೇ ನಾಲ್ಕೂ ದಿನ ಉಳಿಸೋಣ ಸಾರ್" ಅಂದರು. ಆದರೆ ಈಗ ಎರಡೂ ದಾರಿ 28 ಆಗಿದ್ದವು, ಅಲ್ವಾ? ಟೈಲ್ಸ್ ಮಾತ್ರ ಬೇಗ ಮುಗಿದರೆ ಪೇಂಟರ್ ಬಡಗಿಗಾಗಿ ಕಾಯಬೇಕು. ಎರಡನ್ನೂ ಒಟ್ಟಿಗೆ ಇಳಿಸಿದರೆ ದಿನಕ್ಕೆ 2500. ಪೇಂಟ್ ಎರಡೂ ದಾರಿಗೆ ಸೇರಿದ್ದು, ಅದಕ್ಕೆ ಬರೀ 2000. ಪುಟ್ಟಿ ಉಜ್ಜಲು ಇನ್ನೊಂದು ತಂಡ ಕರೆಸಿ ಅಲ್ಲೇ 2 ದಿನ ಉಳಿಸಿದೆ. ಒಟ್ಟು 7000.

ಪೇಂಟ್‌ನಲ್ಲಿ ಇನ್ನು ಇಳಿಸೋಕೆ ಜಾಗವಿಲ್ಲ, ಕೋಟ್ ಒಣಗಬೇಕು. ಇನ್ನೊಂದು ದಿನ ಬೇಕಾಗಿದ್ದರೆ ಆ 2500ರ ಜೋಡಿಯೇ ಗತಿ.