ಲೇಖಕರ ಪರಿಚಯ ಇದ್ದರೂ ಓದುಗರು "ನೀವು ಡಾಕ್ಟರಾ?" ಅಂತ ಕೇಳುತ್ತಿದ್ದಾರೆ, ಏನು ತಿದ್ದಬೇಕು?

ಶ್ವೇತಾ_ಬರಹ:
ನಮ್ಮದು ಮಧುಮೇಹದ ಬಗ್ಗೆ ಬರೆಯುವ ಸಣ್ಣ ತಾಣ. ಪ್ರತಿ ಲೇಖನದ ಮೇಲೆ ಹೆಸರಿದೆ, ಅದರ ಕೆಳಗೆ "ವೈದ್ಯರಿಂದ ಪರಿಶೀಲಿಸಲಾಗಿದೆ" ಅಂತಲೂ ಇದೆ. ಮುಖ್ಯ ಲೇಖಕಿಯ ಪರಿಚಯ ಹೀಗಿದೆ:

"ಆರೋಗ್ಯ ತಜ್ಞೆ. ಹಲವು ವರ್ಷಗಳಿಂದ ಬರೆಯುತ್ತಿದ್ದಾರೆ. ಜನರ ಆರೋಗ್ಯ ಸುಧಾರಿಸುವುದೇ ಇವರ ಕನಸು."

ಇಷ್ಟಿದ್ದರೂ ಇನ್ಸುಲಿನ್ ಲೇಖನದ ಕೆಳಗೆ ದಿನಾ ಅದೇ ಪ್ರಶ್ನೆ. ಅವರು ವೈದ್ಯರಲ್ಲ. ಆದರೆ ಅವರಿಗೇ ಟೈಪ್ 1 ಮಧುಮೇಹ ಇದೆ, 12 ವರ್ಷದಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದಾರೆ.

ಕೋಡ್‌ಮನೆ:
ಸುಲಭ. ಪುಟದಲ್ಲಿ ಏನಿದೆ, ಯಾರು ಬರೆದರು ಅಂತ ಗೂಗಲ್‌ಗೆ ತಿಳಿಸುವ ಕೋಡ್, ಅಂದರೆ ಸ್ಕೀಮಾ ಹಾಕಿ. ಗೂಗಲ್ ಪ್ರತಿ ಲೇಖಕರಿಗೂ ಇ-ಇ-ಎ-ಟಿ, ಅಂದರೆ ಅನುಭವ, ಪರಿಣತಿ, ಅಧಿಕೃತತೆ, ವಿಶ್ವಾಸಾರ್ಹತೆಯ ಅಂಕ ಕೊಡುತ್ತದೆ. ಹೆಸರಿನ ಜಾಗದಲ್ಲೇ "ಆರೋಗ್ಯ ತಜ್ಞೆ" ಅಂತ ಸೇರಿಸಿದರೆ ಅಂಕ ಏರುತ್ತದೆ.

ಹಳೇ_ಸಂಪಾದಕ:
ಸ್ಕೀಮಾ ಹಾಕಿ ಅನ್ನೋದು ಸರಿ, ಉಳಿದದ್ದು ಸರಿಯಿಲ್ಲ. ಅಂಥ ಅಂಕವೇ ಇಲ್ಲ. ಇ-ಇ-ಎ-ಟಿ ಇರುವುದು ಗೂಗಲ್ ತನ್ನ ಮೌಲ್ಯಮಾಪಕರಿಗೆ ಕೊಡುವ ಮಾರ್ಗಸೂಚಿಯಲ್ಲಿ. ಅವರು ಕೊಡುವ ರೇಟಿಂಗ್ ಯಾವ ಪುಟವನ್ನೂ ನೇರವಾಗಿ ಮೇಲೆ ಕೆಳಗೆ ಮಾಡುವುದಿಲ್ಲ. ಇನ್ನು ಹೆಸರಿನ ಜಾಗದಲ್ಲಿ ಹೆಸರು ಮಾತ್ರ ಇರಲಿ ಅಂತ ಗೂಗಲ್ಲೇ ಹೇಳುತ್ತದೆ. ಪದವಿ, ಹುದ್ದೆ, "ಬರೆದವರು" ಯಾವುದೂ ಅಲ್ಲಿ ಬೇಡ:

```json
"author": {
  "@type": "Person",
  "name": "ಲೇಖಕಿಯ ಹೆಸರು",
  "jobTitle": "ಆರೋಗ್ಯ ಬರಹಗಾರ್ತಿ",
  "url": "https://example.com/author/1"
}
```

ಶ್ವೇತಾ, ನಿಮ್ಮ ತೊಂದರೆ ಕೋಡಿನದ್ದಲ್ಲ, ಮಾತಿನದ್ದು. "ಆರೋಗ್ಯ ತಜ್ಞೆ" ಅಂದರೆ ಯಾವ ವಿಷಯದಲ್ಲಿ, ಯಾವ ಆಧಾರದ ಮೇಲೆ? ಓದುಗರಿಗೆ ತಿಳಿಯದ್ದರಿಂದಲೇ ಕೇಳುತ್ತಿದ್ದಾರೆ. ಅವರ ನಿಜವಾದ ಬಲ 12 ವರ್ಷದ ಇನ್ಸುಲಿನ್. ಪರಿಚಯದಲ್ಲಿ ಅದೇ ಕಾಣೆ! 2022ರ ಡಿಸೆಂಬರಿನಲ್ಲಿ ಆ ಮಾರ್ಗಸೂಚಿಗೆ ಇನ್ನೊಂದು "ಇ", ಅಂದರೆ ಸ್ವಂತ ಅನುಭವ, ಸೇರಿದ್ದೂ ಇಂಥವರನ್ನು ಗಮನದಲ್ಲಿಟ್ಟೇ.

ಅಂದ ಹಾಗೆ, ಪರಿಶೀಲಿಸಿದ ವೈದ್ಯರು ಯಾರು?

ಶ್ವೇತಾ_ಬರಹ:
ದಂತವೈದ್ಯರು. ಪರಿಚಯದವರು, ಒಪ್ಪಿಕೊಂಡರು. ಪದವಿ ಇದೆಯಲ್ಲ?

ಹಳೇ_ಸಂಪಾದಕ:
ಮಧುಮೇಹದಲ್ಲಿ ವಸಡಿನ ತೊಂದರೆ ಅನ್ನುವ ಲೇಖನಕ್ಕೆ ಅವರೇ ಸರಿ. ಇನ್ಸುಲಿನ್ ಡೋಸ್‌ಗೆ ಅಲ್ಲ. "ಪರಿಶೀಲಿಸಲಾಗಿದೆ" ಅಂದಾಗ ಯಾರು, ಯಾವಾಗ, ಎಷ್ಟು ಭಾಗ ನೋಡಿದರು ಎಂಬ ಮೂರೂ ಮುಚ್ಚಿಹೋಗುತ್ತದೆ. ನಾನಾದರೆ ಹೀಗೆ ಬರೆಯುತ್ತೇನೆ.

ಪರಿಚಯ: "ಟೈಪ್ 1 ಮಧುಮೇಹ ಇದೆ, 12 ವರ್ಷದಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದಾರೆ. ಕೆಲಸ, ಪ್ರಯಾಣ, ವ್ಯಾಯಾಮದ ನಡುವೆ ಅದನ್ನು ನಿಭಾಯಿಸುವ ಬಗ್ಗೆ ಬರೆಯುತ್ತಾರೆ. ವೈದ್ಯರಲ್ಲ."

ಹೆಸರಿನ ಕೆಳಗೆ: "ಡೋಸ್ ಕುರಿತ ಭಾಗವನ್ನು ಪರಿಶೀಲಿಸಿದವರು:" ಎಂದು ಮಧುಮೇಹ ತಜ್ಞರ ಹೆಸರು, ಅವರ ಪುಟದ ಕೊಂಡಿ, ದಿನಾಂಕ. ಆ ಪುಟದಲ್ಲಿ ಪದವಿ ಮತ್ತು ನೋಂದಣಿ ಸಂಖ್ಯೆ ಇರಲಿ, ಬೇಕಾದವರು ತಾಳೆ ನೋಡಲಿ. ಅಂಥವರು ಸಿಗುವ ತನಕ ಆ ಸಾಲನ್ನೇ ತೆಗೆಯಿರಿ. ಡೋಸ್ ಭಾಗವನ್ನೂ ತೆಗೆಯಿರಿ, ಅದು ಅನುಭವದಿಂದ ಹೇಳುವ ಮಾತಲ್ಲ.

ಕೋಡ್‌ಮನೆ:
ಪರಿಶೀಲಕರಿಗೆ `reviewedBy` ಇದೆ. ಅದನ್ನು `Article` ಒಳಗೆ ಹಾಕಿದರೆ ಚೆಕ್ಕರ್ ಎಚ್ಚರಿಕೆ ಕೊಡುತ್ತದೆ.

ಹಳೇ_ಸಂಪಾದಕ:
ಹೌದು, ಅದು `WebPage`ಗೆ ಸೇರಿದ್ದು. `lastReviewed` ಕೂಡ ಅಲ್ಲೇ.

ಮಂಜು_ಲೆಕ್ಕ:
ನಾನು ಸಾಲ ತೀರಿಸುವ ಬಗ್ಗೆ ಬರೆಯುತ್ತೇನೆ. ನನ್ನ ಪರಿಚಯದಲ್ಲಿ "ಹಣಕಾಸು ಸಲಹೆಗಾರ" ಅಂತಿದೆ. ಫೋಟೋ ಚೆನ್ನಾಗಿಲ್ಲ, ಅದಕ್ಕೇ ಜನ ನಂಬುತ್ತಿಲ್ಲ ಅನ್ಸುತ್ತೆ. ಸ್ಟುಡಿಯೋದಲ್ಲಿ ತೆಗೆಸಲಾ?

ಹಳೇ_ಸಂಪಾದಕ:
ಫೋಟೋ ಆಮೇಲೆ ನೋಡೋಣ. ನಿಮಗೆ ಸಲಹೆ ಕೊಡುವ ಪರವಾನಗಿ ಇದೆಯಾ? ಇಲ್ಲದಿದ್ದರೆ ಆ ಪದವನ್ನು ಇವತ್ತೇ ತೆಗೆಯಿರಿ, ಎಷ್ಟೋ ಕಡೆ ಅದಕ್ಕೆ ಕಾನೂನಿನ ತೊಡಕೂ ಇದೆ. "ಸ್ವಂತ ಸಾಲ ತೀರಿಸಿದವರು, ಹೇಗೆ ಎಂದು ಬರೆಯುತ್ತಾರೆ" ಅಂದರೆ ಸಾಕು. ಲೇಖನದಲ್ಲಿ ಸಾಲದ ಆ್ಯಪ್ ಹೆಸರು ಹೇಳಿ ಕಮಿಷನ್ ಪಡೆಯುತ್ತಿದ್ದರೆ ಅದನ್ನು ಆ ಲೇಖನದ ಮೇಲ್ಭಾಗದಲ್ಲೇ ಹೇಳಿ. ಪರಿಚಯದ ಪುಟದಲ್ಲಿ ಅಡಗಿಸಿದರೆ ಯಾರೂ ನೋಡಲ್ಲ.

ಮಂಜು_ಲೆಕ್ಕ:
ಕಮಿಷನ್ ಇದೆ. ಮೇಲೆ ಹಾಕಿದರೆ ಕ್ಲಿಕ್ ಕಡಿಮೆ ಆಗುತ್ತಲ್ವಾ?

ಹಳೇ_ಸಂಪಾದಕ:
ಆಗಬಹುದು. ಆದರೂ ಹಾಕಿ.

ಶ್ವೇತಾ_ಬರಹ:
ಪರಿಚಯ ಬದಲಿಸಿದೆ, ಡೋಸ್ ಭಾಗ ತೆಗೆದೆ. ಈಗ "ನೀವು ಡಾಕ್ಟರಾ" ನಿಂತಿದೆ. ಬದಲಿಗೆ ಇನ್ಸುಲಿನ್ ಪೆನ್ ಹಿಡಿದು ಪ್ರಯಾಣ ಮಾಡುವುದು ಹೇಗೆ ಅಂತ ಕೇಳುತ್ತಿದ್ದಾರೆ. ಆದರೆ ಲೇಖಕಿಗೆ ಈಗ ಅಳುಕು. ಕಾಯಿಲೆಯ ಜೊತೆ ತಮ್ಮ ನಿಜವಾದ ಹೆಸರು ಹುಡುಕಾಟದಲ್ಲಿ ಸಿಗುವುದು ಬೇಡವಂತೆ. ಕಾವ್ಯನಾಮ ಬಳಸಬಹುದಾ?

ಹಳೇ_ಸಂಪಾದಕ:
ಅನುಭವದ ಬರಹಕ್ಕೆ ಬಳಸಬಹುದು, ಅದು ಕಾವ್ಯನಾಮ ಅಂತ ಪರಿಚಯದಲ್ಲೇ ಹೇಳಿದರೆ. ಪರಿಶೀಲಕರಿಗೆ ಮಾತ್ರ ಬೇಡ.

ಕೋಡ್‌ಮನೆ:
ನಾನು ಒಪ್ಪಲ್ಲ. ಹೆಸರೇ ನಿಜವಲ್ಲ ಅಂದಮೇಲೆ 12 ವರ್ಷ ನಿಜ ಅಂತ ಓದುಗ ಯಾಕೆ ನಂಬಬೇಕು?

ಹಳೇ_ಸಂಪಾದಕ:
ಒಳ್ಳೆ ಪ್ರಶ್ನೆ. ಅವರ ಅನುಭವವನ್ನು ಸಂಪಾದಕರು ಖಚಿತಪಡಿಸಿಕೊಂಡಿದ್ದಾರೆ ಅಂತ ತಾಣ ತನ್ನ ಹೆಸರಲ್ಲಿ ಒಂದು ಸಾಲು ಬರೆಯಬಹುದು. ಅದು ಎಲ್ಲರಿಗೂ ಸಾಕಾಗಲ್ಲ, ನಿಮಗಂತೂ ಸಾಕಾಗಲ್ಲ ಅಂತ ಕಾಣುತ್ತೆ.