ಅಪ್‌ಡೇಟ್: ಅವ್ವನಿಗೆ ದಣಿವಾಗದ ಸಿನಿಮಾ

ನನ್ನ ಪ್ರಶ್ನೆ ಇಷ್ಟಿತ್ತು: “78 ವರ್ಷದ ಅವ್ವನಿಗೆ ಈಗಿನ ಸಿನಿಮಾ ಹಚ್ಚಿದರೆ ಅರ್ಧ ತಾಸಿನಲ್ಲೇ ತಲೆನೋವು ಬರುತ್ತದೆ. ಹೇಗೆ ಆರಿಸಲಿ?”

ಧಾರವಾಡದ ನಮ್ಮ ಮನೆಯಲ್ಲಿ ಮೂರು ವಾರ ಪ್ರಯತ್ನಿಸಿ ಬರೆಯುತ್ತಿದ್ದೇನೆ. ಟ್ರೇಲರ್ ನೋಡಿ ನಿರ್ಧರಿಸುವುದನ್ನು ಬಿಟ್ಟೆ, ಏಕೆಂದರೆ ಸಾವಕಾಶವಾಗಿ ಸಾಗುವ ಚಿತ್ರದ ಟ್ರೇಲರ್ ಕೂಡ ಅವಸರದಿಂದಲೇ ಕತ್ತರಿಸಿದ್ದಾಗಿರುತ್ತದೆ. ಅದರ ಬದಲು ಚಿತ್ರದ ನಡುಭಾಗಕ್ಕೆ ಹೋಗಿ, ಇಬ್ಬರು ಮಾತನಾಡುವ ದೃಶ್ಯವೊಂದರಲ್ಲಿ ಒಂದು ನಿಮಿಷಕ್ಕೆ ಎಷ್ಟು ಸಲ ಶಾಟ್ ಬದಲಾಗುತ್ತದೆ ಎಂದು ಬೆರಳು ಮಡಚಿ ಎಣಿಸುತ್ತೇನೆ. ಎಣಿಕೆ 12ರೊಳಗಿದ್ದರೆ ಅವ್ವ ಆರಾಮವಾಗಿ ಕೂಡುತ್ತಾಳೆ. 25 ದಾಟಿದರೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳತೊಡಗುತ್ತಾಳೆ. ಇದು ಅವಳ ಅಳತೆ, ನಿಮ್ಮ ಮನೆಯ ಹಿರಿಯರದು ಬೇರೆ ಇರಬಹುದು.

ಗಿರೀಶ ಕಾಸರವಳ್ಳಿಯವರ ‘ದ್ವೀಪ’ (2002) ಎಣಿಕೆಯಲ್ಲಿ ಸಲೀಸಾಗಿ ಪಾಸಾಯಿತು, ಆದರೆ ಚಿತ್ರದೊಳಗಿನ ಮಳೆಯ ಸದ್ದಿನಲ್ಲಿ ಅವ್ವನಿಗೆ ಕೆಲವು ಮಾತು ಕೇಳಿಸಲಿಲ್ಲ. ನನ್ನ ಪ್ರಶ್ನೆಗೆ ಉತ್ತರವಾಗಿ ನೀವು ಹೇಳಿದಂತೆ ಟಿವಿಯ ನೈಟ್ ಮೋಡ್ ಹಾಕಿದೆ. ಅದು ದೊಡ್ಡ ಸದ್ದನ್ನು ತಗ್ಗಿಸಿ ಸಣ್ಣ ಸದ್ದನ್ನು ಏರಿಸುವುದರಿಂದ, ಅಬ್ಬರದ ಹಿನ್ನೆಲೆ ಸಂಗೀತವಿರುವ ಚಿತ್ರಗಳಿಗೆ ನಿಜವಾಗಿಯೂ ಉಪಕಾರಿ. ಇಲ್ಲಿ ಮಾತ್ರ ಮಳೆಯೂ ಮಾತಿನ ಜೊತೆಗೇ ಏರಿತು. ಅದನ್ನು ತೆಗೆದು, ಮಾತಿನ ಸ್ವರವನ್ನಷ್ಟೇ ಎತ್ತಿ ಕೊಡುವ ಧ್ವನಿ ಆಯ್ಕೆಯನ್ನು ಹಚ್ಚಿದ ಮೇಲೆ, ಎರಡು ಸಂಜೆಗಳಲ್ಲಿ ಅವ್ವ ಪೂರ್ತಿ ಚಿತ್ರ ನೋಡಿದಳು. “ಈಗ ತಿಳೀತು ನೋಡು, ಯಾರ ಏನಂದರು ಅಂತ” ಎಂದಳು. ಮುಂದಿನ ಚಿತ್ರಕ್ಕೆ ಎಣಿಕೆ ಶುರುವಾಗಿದೆ.